ಕರಿಯನಿಂದಲೇ ಶುರು ಮಾಡಿ

ಪ್ರಶ್ನೆ: ಅಪ್ಪ ತೀರಿಕೊಂಡಾಗ ತಿಥಿ, ಪವತಿ ಖಾತೆ, ಸಾಲ ಎಲ್ಲವನ್ನೂ ನಾನೇ ನೋಡಿಕೊಂಡೆ. ಅಳು ಬರಲಿಲ್ಲ. ಈಗ ಬಾಲ್ಯದಲ್ಲಿ ಸತ್ತ ನಾಯಿ ಕರಿಯ ನೆನಪಾದರೆ ಅಳು ತಡೆಯದು. ಇದು ಸರಿಯೇ?
– ಹೆಸರು ಬೇಡ, ಸಿಂಧಘಟ್ಟ

ಉತ್ತರ: ಇದರಲ್ಲಿ ತಪ್ಪಿಲ್ಲ. ಅಪ್ಪ ಹೋದಾಗ ನಿಮ್ಮ ತಲೆಯ ಮೇಲೆ ಜವಾಬ್ದಾರಿಯಿತ್ತು. ಕರಿಯ ಸತ್ತಾಗ ನೀವು ಮಗುವಾಗಿದ್ದಿರಿ. ಅಳುವುದಕ್ಕೆ ಮನಸ್ಸು ಆ ದಾರಿ ಹಿಡಿದಿದೆ. ಕರಿಯನ ನೆನಪನ್ನೇ ಬರೆಯಿರಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ರೂಪಿಸಿದ ಬರವಣಿಗೆಯ ಕ್ರಮ ಸರಳ: ದಿನಕ್ಕೆ 15–20 ನಿಮಿಷ, ಮೂರು-ನಾಲ್ಕು ದಿನ. ಕಾಗುಣಿತ ನೋಡಬೇಡಿ, ಯಾರಿಗೂ ತೋರಿಸಬೇಡಿ.

ಮೊದಲ ದಿನ ನಡೆದದ್ದನ್ನಷ್ಟೇ ಬರೆಯಿರಿ: ಕರಿಯ ಎಲ್ಲಿ ಮಲಗುತ್ತಿದ್ದ, ಸತ್ತದ್ದನ್ನು ಮೊದಲು ಕಂಡವರು ಯಾರು, ಗುಂಡಿ ತೋಡಿದವರು ಯಾರು. ಎರಡನೆಯ ದಿನ, ಆಗ ಹೇಳಲಾಗದೆ ಉಳಿದದ್ದು. ಬರೆಯುವಾಗ ಅಪ್ಪನ ನೆನಪು ಬಂದೇ ಬರುತ್ತದೆ ಎಂದಲ್ಲ; ಗುಂಡಿ ತೋಡಿದವರು ಅವರೇ ಆಗಿದ್ದರೆ ಆ ಸಾಲಿನಲ್ಲಿ ನಿಲ್ಲಿ. ಅವರು ಆಡಿದ ಮಾತು, ಆಡದೆ ಬಿಟ್ಟದ್ದು ಬರೆಯಿರಿ. ಮೂರನೆಯ ದಿನ ನೇರವಾಗಿ ಅಪ್ಪನಿಗೇ ಬರೆಯಿರಿ.

ಬರೆದ ಮೇಲೆ ಸ್ವಲ್ಪ ಹೊತ್ತು ಮನಸ್ಸು ಭಾರವಾಗುವುದು ಸಹಜ. ಆದರೆ ‘ನನ್ನಿಂದಲೇ ಹೀಗಾಯಿತು’ ಎಂಬ ಮಾತೇ ದಿನವೂ ಮರಳಿದರೆ, ನಿದ್ದೆ, ಊಟ ಕೆಟ್ಟರೆ ಬರೆಯುವುದನ್ನು ನಿಲ್ಲಿಸಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.