ಗೋಲಿಯೊಳಗೆ ಬಲ ಇಲ್ಲ

ವಿಜ್ಞಾನ ಕಲಿಸುವ ಗೆಳೆಯರೇ, ನ್ಯೂಟನ್ನನ ಮೊದಲ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸುವ ಮಕ್ಕಳಿಗೆ ಉರುಳುತ್ತಿರುವ ಗೋಲಿಯ ಚಿತ್ರ ಕೊಟ್ಟು, ಅದರ ಮೇಲಿನ ಬಲಗಳನ್ನು ಬಾಣದಿಂದ ತೋರಿಸಲು ಹೇಳಿ. ಹಲವರು ಮುಂದಕ್ಕೊಂದು ಬಾಣ ಎಳೆಯುತ್ತಾರೆ. ತಳ್ಳಿದಾಗ ಗೋಲಿಯೊಳಗೆ ಬಲ ತುಂಬಿಕೊಳ್ಳುತ್ತದೆ, ಅದು ಮುಗಿದಾಗ ಗೋಲಿ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ಇದನ್ನು ಮಾತಿನಿಂದ ಅಳಿಸಲಾಗದು. ನಡುವೆ ಉದ್ದಕ್ಕೂ ತೋಡು ಇರುವ ಸ್ಕೇಲಿನ ಒಂದು ತುದಿಯನ್ನು ಎರಡು ನೋಟ್‌ಬುಕ್ಕಿನ ಮೇಲಿಟ್ಟು, ಒಂದೇ ಗುರುತಿನಿಂದ ಗೋಲಿಯನ್ನು ತಳ್ಳದೆ ಬಿಡಿ. ಕೆಳಗೆ ಮೊದಲು ಟವೆಲ್, ಆಮೇಲೆ ಬೆಡ್‌ಶೀಟ್, ಕೊನೆಗೆ ಬರಿ ನೆಲ. ಪ್ರತಿ ಸಲವೂ ಎಲ್ಲಿ ನಿಲ್ಲುತ್ತದೆಂದು ಮಕ್ಕಳು ಮೊದಲೇ ಬರೆದಿಡಲಿ; ನಿಂತಲ್ಲಿ ಸೀಮೆಸುಣ್ಣದ ಗುರುತು ಹಾಕಲಿ.

ಗೋಲಿ ಕೊನೆಗೂ ನಿಂತಿತಲ್ಲ, ಬಲ ಮುಗಿದಿದ್ದಕ್ಕೇ ಅಲ್ಲವೇ ಎಂದು ಜಾಣ ಮಗು ಕೇಳುತ್ತದೆ. ಆಗ ಉತ್ತರ ಕೊಡದೆ ಮರುಪ್ರಶ್ನೆ ಕೇಳಿ: ಮೂರೂ ಸಲ ಒಂದೇ ಎತ್ತರದಿಂದ ಇಳಿದ ಗೋಲಿಯಲ್ಲಿ ಒಂದೇ ಪ್ರಮಾಣದ ಬಲ ತುಂಬಿದ್ದರೆ, ಒಂದೇ ದೂರದಲ್ಲಿ ನಿಲ್ಲಬೇಕಿತ್ತಲ್ಲವೇ? ಬದಲಾದದ್ದು ನೆಲ ಮಾತ್ರ. ಅಂದರೆ ನಿಲ್ಲಿಸಿದ್ದು ಹೊರಗಿನ ತಡೆ. ಬಾಣ ಹಿಂದಕ್ಕೆ ಇರಬೇಕು, ಮುಂದಕ್ಕಲ್ಲ. ತಡೆ ಪೂರ್ತಿ ಇಲ್ಲವಾದರೆ ಏನಾಗುತ್ತದೆಂಬುದನ್ನು ಗುರುತುಗಳ ಸಾಲು ನೋಡಿ ಅವರೇ ಊಹಿಸುತ್ತಾರೆ. ನೆಲ ಇಳಿಜಾರಾಗಿದ್ದರೆ ಪ್ರಯೋಗ ಕೆಡುತ್ತದೆ. ಅದನ್ನು ತಿಳಿಯಲು ಎದುರು ದಿಕ್ಕಿಗೂ ಉರುಳಿಸಿ ದೂರ ಹೋಲಿಸಿ. ಇದಕ್ಕೆ ಸಮಯವೆಲ್ಲಿ ಎನ್ನಬೇಡಿ: ತಪ್ಪು ಬಾಣ ಉಳಿದರೆ ಮುಂದಿನ ಪಾಠಗಳೂ ಅದರ ಮೇಲೆಯೇ ನಿಲ್ಲುತ್ತವೆ. ಕೊನೆಗೆ ಅದೇ ಚಿತ್ರವನ್ನು ಮತ್ತೆ ಬರೆಸಿ, ಬಾಣ ತಿರುಗಿದೆಯೇ ನೋಡಿ.