ನಿದ್ದೆಗಣ್ಣಿನ ಕೃತ್ಯ ಮತ್ತು ಬುದ್ಧಿವಿಕಲತೆ: ಪರೀಕ್ಷೆಗೆ ಮುಖ್ಯಾಂಶಗಳು

ಪ್ರಶ್ನೆ ಹೀಗೆ ಬರಬಹುದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಒಂದು ಕುರಿದಡ್ಡಿ. ಮಲಗಿ ಒಂದೆರಡು ತಾಸಾಗಿದೆ. ಕುರಿಗಾರನೊಬ್ಬ ಎದ್ದು ಪಕ್ಕದಲ್ಲಿ ಮಲಗಿದ್ದವನ ತಲೆಗೆ ಬಡಿಗೆಯಿಂದ ಹೊಡೆಯುತ್ತಾನೆ, ಮತ್ತೆ ಮಲಗುತ್ತಾನೆ. ಬೆಳಿಗ್ಗೆ ಏನೂ ನೆನಪಿಲ್ಲ. ಅವನು ಅಪರಾಧಿಯೇ?

ಮೊದಲ ಮೆಟ್ಟಿಲು: ಅದು ಅವನ ಕೃತ್ಯವೇ? ಮನಸ್ಸಿನ ಹಿಡಿತವಿಲ್ಲದೆ ದೇಹ ಮಾತ್ರ ಚಲಿಸಿದರೆ ಅದು ಅನೈಚ್ಛಿಕ ಕ್ರಿಯೆ. ನಮ್ಮಲ್ಲಿ ಇದಕ್ಕೆ ಪ್ರತ್ಯೇಕ ಕಲಮು ಇಲ್ಲ. ಅಪರಾಧಕ್ಕೆ ಇಚ್ಛಾಪೂರ್ವಕ ಕೃತ್ಯ ಬೇಕೆಂಬ ಮೂಲತತ್ವದ ಮೇಲೆಯೇ ವಾದ ನಿಲ್ಲುತ್ತದೆ. ಬ್ರ್ಯಾಟಿ ಪ್ರಕರಣ (1961) ಇದರ ಮುಖ್ಯ ಆಧಾರ: ಬರೀ ಹೇಳಿಕೆ ಸಾಲದು, ವೈದ್ಯಕೀಯ ನೆಲೆ ಬೇಕು.

ಬುದ್ಧಿವಿಕಲತೆ ಬೇರೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 22 (ಹಳೆಯ ಐಪಿಸಿ 84). ಇಲ್ಲಿ ಕೃತ್ಯ ಆರೋಪಿಯದೇ. ಆದರೆ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನುಬಾಹಿರ ಎಂಬುದನ್ನಾಗಲಿ ಅರಿಯುವ ಶಕ್ತಿ ಆ ಕ್ಷಣದಲ್ಲಿ ಬುದ್ಧಿವಿಕಲತೆಯಿಂದ ಇರಲಿಲ್ಲ. ರುಜುವಾತಿನ ಭಾರ ಆರೋಪಿಯ ಮೇಲಿದೆ, ಸಂಭವನೀಯತೆಯ ಮಟ್ಟ ಸಾಕು (ದಹ್ಯಾಭಾಯಿ ಠಕ್ಕರ್, 1964). ಖುಲಾಸೆಯಾದರೂ ನೇರವಾಗಿ ಮನೆಗೆ ಹೋಗುವಂತಿಲ್ಲ. ಕೃತ್ಯ ಅವನದೇ ಎಂದು ಕಂಡುಬಂದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 374ರಂತೆ ಸುರಕ್ಷಿತ ವಶಕ್ಕೆ ಕೊಡುವುದು ಇಲ್ಲವೇ ಭದ್ರತೆ ಪಡೆದು ಬಂಧುಗಳಿಗೆ ಒಪ್ಪಿಸುವುದು. ವಕೀಲರು ಅನೈಚ್ಛಿಕ ಕ್ರಿಯೆಯ ವಾದಕ್ಕೇ ಜೋತುಬೀಳುವುದು ಇದೇ ಕಾರಣಕ್ಕೆ: ಅದು ಗೆದ್ದರೆ ಪೂರ್ಣ ಬಿಡುಗಡೆ.

ನಿದ್ರಾನಡಿಗೆ ಯಾವ ಕಡೆಗೆ? ಇಲ್ಲಿ ನ್ಯಾಯಾಲಯಗಳೇ ಒಮ್ಮತಕ್ಕೆ ಬಂದಿಲ್ಲ. ಕೆನಡಾದ ಪಾರ್ಕ್ಸ್ ನಿದ್ದೆಯಲ್ಲೇ ಸುಮಾರು 23 ಕಿ.ಮೀ. ಕಾರು ಓಡಿಸಿ ಅತ್ತೆಯನ್ನು ಕೊಂದ. 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪೂರ್ಣ ಖುಲಾಸೆಯನ್ನು ಎತ್ತಿಹಿಡಿಯಿತು. ಅದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನಲ್ಲಿ ಬರ್ಜೆಸ್ ನಿದ್ದೆಯಲ್ಲಿ ಗೆಳತಿಗೆ ಬಾಟಲಿಯಿಂದ ಹೊಡೆದಾಗ, ಕಾರಣ ದೇಹದ ಒಳಗಿನದು ಎಂದು ಕೋರ್ಟ್ ಅದನ್ನು ಬುದ್ಧಿವಿಕಲತೆಗೆ ಸೇರಿಸಿತು. ಒಳಗಿನ ಕಾರಣ, ಹೊರಗಿನ ಕಾರಣ ಎಂಬ ಈ ಅಳತೆಗೋಲು ವಿಚಿತ್ರವೇ ಸರಿ. ಇನ್ಸುಲಿನ್ ತೆಗೆದುಕೊಂಡು ಸಕ್ಕರೆ ಕುಸಿದರೆ ಹೊರಗಿನದು (ಕ್ವಿಕ್, 1973), ಇನ್ಸುಲಿನ್ ತೆಗೆದುಕೊಳ್ಳದೆ ಸಕ್ಕರೆ ಏರಿದರೆ ಒಳಗಿನದು (ಹೆನ್ನೆಸಿ, 1989).

ನಮ್ಮ ದೇಶದ ತೀರ್ಪು. ಪಾಪತಿ ಅಮ್ಮಾಳ್ (ಮದ್ರಾಸ್ ಹೈಕೋರ್ಟ್, 1959). ರಾತ್ರಿ ಹಸುಗೂಸಿನೊಂದಿಗೆ ಬಾವಿಗೆ ಹಾರಿದ ಬಾಣಂತಿ ನಿದ್ರಾನಡಿಗೆಯ ವಾದ ಹೂಡಿದಳು. ಪುರಾವೆ ಇಲ್ಲದ್ದರಿಂದ ವಾದ ಬಿದ್ದುಹೋಯಿತು.

ಪುರಾವೆ ಎಂದರೆ? ಹಿಂದೆಯೂ ನಿದ್ದೆಯಲ್ಲಿ ನಡೆದ ಇತಿಹಾಸ, ಮನೆತನದಲ್ಲಿ ಅದೇ ತೊಂದರೆ, ದ್ವೇಷದ ಕಾರಣ ಇಲ್ಲದಿರುವುದು, ಬಚ್ಚಿಡುವ ಯತ್ನ ಇಲ್ಲದಿರುವುದು. ನಿದ್ರಾನಡಿಗೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದ ಗಾಢನಿದ್ದೆಯಲ್ಲಿ ಬರುತ್ತದೆ. ನಮ್ಮ ಕುರಿಗಾರನ ವೇಳೆ ಅದಕ್ಕೆ ಹೊಂದುತ್ತದೆ. "ನೆನಪಿಲ್ಲ" ಎಂಬ ಮಾತೊಂದೇ ಏನನ್ನೂ ಸಾಬೀತು ಮಾಡದು. ಈ ತೊಂದರೆ ತನಗಿದೆಯೆಂದು ಗೊತ್ತಿದ್ದೂ ಬಡಿಗೆ ಪಕ್ಕಕ್ಕಿಟ್ಟು ಮಲಗಿದ್ದರೆ, ಸಾವು ಸಂಭವಿಸಿದಾಗ ನಿರ್ಲಕ್ಷ್ಯದ ಆರೋಪವನ್ನು (ಕಲಂ 106) ಪ್ರಾಸಿಕ್ಯೂಷನ್ ಎತ್ತಬಹುದು.

ಘಟನೆ 2024ರ ಜುಲೈ 1ಕ್ಕಿಂತ ಮೊದಲಿನದಾದರೆ ಉತ್ತರದಲ್ಲಿ ಐಪಿಸಿ ಕಲಮನ್ನೇ ಬರೆಯಿರಿ.