ಬ್ರೇಕ್ ಟೈಟ್ ಮಾಡಿಸಿದ್ದೀರಿ, ಶೂ ನೋಡಿಸಿದ್ದೀರಾ?

ಸ್ಕೂಟರನ್ನು ನಿಮ್ಮೆದುರೇ ನಿಲ್ಲಿಸಿಕೊಂಡು ಮಾತಾಡುತ್ತೇನೆ, ಕೈಗೆ ಸಿಗುವಷ್ಟು ಹತ್ತಿರ ಬನ್ನಿ. ಇದು ಕಾಲೇಜಿಗೆ ಹೋಗುವ ಹುಡುಗಿಯ ಗಾಡಿ. ಹಿಂದೆ ಮುಂದೆ ಎರಡೂ ಕಡೆ ಡ್ರಮ್ ಬ್ರೇಕ್; ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿರುವುದೂ ಇಂಥದ್ದೇ. ಇವಳ ಅಮ್ಮ ಗಾಡಿ ಬಿಡುವಾಗ ಒಂದು ಮಾತು ಹೇಳಿದರು: "ಬ್ರೇಕ್ ನೋಡೋದು ಬೇಡ, ಹೋದ ತಿಂಗಳಷ್ಟೇ ಟೈಟ್ ಮಾಡಿಸಿದ್ದೀವಿ." ನನಗೆ ಅನುಮಾನ ಬಂದಿದ್ದೇ ಆ ಮಾತಿನಿಂದ.

ಮೊದಲು ಲಿವರ್. ಎಡಗಡೆಯ ಲಿವರನ್ನು ಬೆರಳ ತುದಿಯಿಂದ ಮೆಲ್ಲಗೆ ಎಳೆಯಿರಿ. ಸ್ವಲ್ಪ ದೂರ ಅದು ಸುಮ್ಮನೆ ಬರುತ್ತದೆ, ಆಮೇಲೆ ಬಿಗಿ ಸಿಗುತ್ತದೆ. ಆ ಸುಮ್ಮನೆ ಬರುವ ದೂರವನ್ನು ನಾವು 'ಪ್ಲೇ' ಅನ್ನುತ್ತೇವೆ. ಲಿವರಿನ ತುದಿಯಲ್ಲಿ ಅಳೆದರೆ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಇರಬೇಕು, ಅಂದರೆ ಒಂದು ಬೆರಳಿನ ದಪ್ಪದ ಆಸುಪಾಸು. ಎರಡು ಬೆರಳು ದಾಟಿತು ಅಂದರೆ ಜಾಸ್ತಿಯಾಯಿತು. ಲಿವರ್ ಹೋಗಿ ಹಿಡಿಕೆಗೆ ತಾಗುವ ಹಾಗಿದ್ದರೆ ಆ ಗಾಡಿಯನ್ನು ರಸ್ತೆಗೆ ಇಳಿಸಬಾರದು.

ಈ ಗಾಡಿಯಲ್ಲಿ ಪ್ಲೇ ಸರಿಯಾಗಿಯೇ ಇದೆ. ಹೋದ ತಿಂಗಳು ನಟ್ ತಿರುಗಿಸಿದ್ದಾರಲ್ಲ! ಹಾಗಿದ್ದರೂ ಒಳಗಿನ ಶೂ ಮುಗಿದಿರಬಹುದು. ಅದು ಹೇಗೆ ಅಂತ ಗೊತ್ತಾಗಬೇಕಾದರೆ ಡ್ರಮ್ಮಿನ ಒಳಗೆ ಏನಾಗುತ್ತದೆ ಅಂತ ತಿಳಿಯಬೇಕು.

ಡ್ರಮ್ಮಿನೊಳಗೆ ಅರ್ಧಚಂದ್ರದ ಆಕಾರದ ಎರಡು ಶೂ ಎದುರುಬದುರಾಗಿ ಕೂತಿರುತ್ತವೆ. ಅವುಗಳ ಬೆನ್ನಿಗೆ ಅಂಟಿಸಿದ ಪಟ್ಟಿಯೇ ಲೈನಿಂಗ್. ನಮ್ಮ ಗ್ಯಾರೇಜುಗಳಲ್ಲಿ ಲೈನರ್ ಅಂತಲೂ ಅನ್ನುತ್ತಾರೆ. ಎರಡು ಶೂಗಳ ನಡುವೆ ಚಪ್ಪಟೆ ಕಬ್ಬಿಣದ ತುಂಡೊಂದಿದೆ, ಅದು ಕ್ಯಾಮ್. ನೀವು ಲಿವರ್ ಎಳೆದರೆ ಕೇಬಲ್ ಹೊರಗಿನ ಬ್ರೇಕ್ ಆರ್ಮನ್ನು ಎಳೆಯುತ್ತದೆ, ಆರ್ಮ್ ಕ್ಯಾಮನ್ನು ತಿರುಗಿಸುತ್ತದೆ, ಕ್ಯಾಮ್ ಅಡ್ಡವಾಗುತ್ತಾ ಎರಡೂ ಶೂಗಳನ್ನು ಹೊರಕ್ಕೆ ತಳ್ಳಿ ಡ್ರಮ್ಮಿಗೆ ಒತ್ತುತ್ತದೆ. ಲೈನಿಂಗ್ ಸವೆದಷ್ಟೂ ಶೂ ಇನ್ನಷ್ಟು ದೂರ ಹೋಗಬೇಕು, ಕ್ಯಾಮ್ ಇನ್ನಷ್ಟು ತಿರುಗಬೇಕು. ಆಗ ಲಿವರಿನಲ್ಲಿ ಪ್ಲೇ ಹೆಚ್ಚಾಗುತ್ತದೆ. ಮೆಕ್ಯಾನಿಕ್ ನಟ್ ಬಿಗಿ ಮಾಡಿದಾಗ ಕ್ಯಾಮನ್ನು ಮೊದಲೇ ಅಷ್ಟು ತಿರುಗಿಸಿ ಇಟ್ಟ ಹಾಗಾಯಿತು. ಲಿವರ್ ಹೊಸ ಗಾಡಿಯ ಹಾಗೆ ಹಿಡಿಯುತ್ತದೆ, ಆದರೆ ಲೈನಿಂಗ್ ಎಷ್ಟು ಉಳಿದಿತ್ತೋ ಅಷ್ಟೇ ಉಳಿದಿರುತ್ತದೆ.

ಟೈಟ್ ಮಾಡುವುದು ತಪ್ಪಲ್ಲ, ಮಾಡಲೇಬೇಕು. ಆದರೆ ಕ್ಯಾಮ್ ತಿರುಗುವುದಕ್ಕೂ ಒಂದು ಮಿತಿ ಇದೆ. ಪೂರ್ತಿ ಅಡ್ಡವಾದ ಮೇಲೆ ಅದು ಶೂಗಳನ್ನು ಇನ್ನು ದೂರ ತಳ್ಳಲಾರದು. ಕೆಲವೊಮ್ಮೆ ಅಲ್ಲೇ ಸಿಕ್ಕಿಕೊಂಡು ವಾಪಸು ಬರದೆ ಚಕ್ರವನ್ನೇ ಹಿಡಿದುಬಿಡುತ್ತದೆ. ಅಲ್ಲಿಯವರೆಗೂ ಲಿವರ್ "ಎಲ್ಲ ಸರಿಯಿದೆ" ಅಂತಲೇ ಹೇಳುತ್ತಿರುತ್ತದೆ.

ಹಾಗಾದರೆ ಬಿಚ್ಚದೆ ತಿಳಿಯುವುದು ಹೇಗೆ? ಗಾಡಿ ಮಾಡುವವರೇ ಅದಕ್ಕೊಂದು ಗುರುತು ಇಟ್ಟಿದ್ದಾರೆ. ಮುಂದಿನ ಚಕ್ರದ ಹತ್ತಿರ ಕೂತುಕೊಳ್ಳಿ. ಕೇಬಲ್ ಬಂದು ಸೇರುವ ಬ್ರೇಕ್ ಆರ್ಮ್ ಕಾಣುತ್ತದಲ್ಲ, ಅದರ ಬುಡದಲ್ಲಿ ಸಣ್ಣ ಬಾಣದ ಮೊನೆ ಇದೆ. ಪಕ್ಕದ ಬ್ರೇಕ್ ಪ್ಲೇಟಿನ ಮೇಲೆ ಒಂದು ಗುರುತು ಎರಕದಲ್ಲೇ ಮೂಡಿಸಿದ್ದಾರೆ. ಒಬ್ಬರು ಲಿವರನ್ನು ಪೂರ್ತಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನೋಡಬೇಕು. ಬಾಣ ಆ ಗುರುತಿಗೆ ಬಂದು ಸೇರಿದರೆ ಶೂ ಬದಲಿಸುವ ಹೊತ್ತು ಬಂದಿದೆ. ಗುರುತನ್ನು ದಾಟಿದ್ದರೆ ಆ ಹೊತ್ತು ಆಗಲೇ ಮೀರಿದೆ. ಹಿಂದಿನ ಚಕ್ರಕ್ಕೂ ಇಂಥದ್ದೇ ಗುರುತು, ಎಡಗಡೆಯಿಂದ ಬಗ್ಗಿ ನೋಡಬೇಕು. ಅಲ್ಲಿ ಕೆಸರು ಮೆತ್ತಿರುತ್ತದೆ, ಹಳೆ ಬ್ರಶ್ಶಿನಿಂದ ಉಜ್ಜಿ. ಮೊಬೈಲಿನಲ್ಲಿ ಟಾರ್ಚ್ ಹಾಕಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಮುಂದಿನ ಸಲ ಎಷ್ಟು ಸರಿದಿದೆ ಅಂತ ಹೋಲಿಸಿ ನೋಡಬಹುದು. ಬಾಣವೇ ಕಾಣದಿದ್ದರೆ ನಿಮ್ಮ ಗಾಡಿಯ ಪುಸ್ತಕದಲ್ಲಿ ಅದರ ಚಿತ್ರ ಹುಡುಕಿ.

ಅಲ್ಲೇ ಇನ್ನೊಂದು ಸಾಕ್ಷಿ ಇದೆ. ಕೇಬಲ್ಲಿನ ತುದಿಯ ಥ್ರೆಡ್ ನಟ್ಟಿನಿಂದ ಆಚೆಗೆ ಎಷ್ಟು ಚಾಚಿದೆ ನೋಡಿ. ಶೂ ಹೊಸದಿದ್ದಾಗ ನಟ್ ತುದಿಯ ಹತ್ತಿರ ಇರುತ್ತದೆ. ಪ್ರತಿ ಸಲ ಬಿಗಿ ಮಾಡಿದಾಗಲೂ ನಟ್ ಮುಂದೆ ಹೋಗುತ್ತದೆ, ಹಿಂದೆ ಖಾಲಿ ಥ್ರೆಡ್ ಉದ್ದವಾಗುತ್ತದೆ. ಕೇಬಲ್ ಹಿಗ್ಗಿದ್ದರೂ ಹೀಗಾಗುವುದುಂಟು, ಆದ್ದರಿಂದ ಇದೊಂದನ್ನೇ ನಂಬಬೇಡಿ. ಬಾಣದ ಜೊತೆ ಸೇರಿಸಿ ನೋಡಿ.

ಈ ಹುಡುಗಿಯ ಗಾಡಿಯಲ್ಲಿ ನಟ್ಟಿಗೆ ತಿರುಗಲು ಇನ್ನು ಜಾಗವೇ ಉಳಿದಿಲ್ಲ. ಲಿವರ್ ಒತ್ತಿದರೆ ಹಿಂದಿನ ಬಾಣ ಗುರುತನ್ನು ದಾಟಿ ಹೋಗುತ್ತದೆ. ಚಕ್ರ ಬಿಚ್ಚಿ ಶೂ ತೆಗೆದೆ, ಇಲ್ಲಿ ನೋಡಿ. ಒಂದು ಶೂವಿನಲ್ಲಿ ಲೈನಿಂಗ್ ಒಂದೂವರೆ ಮಿ.ಮೀ. ಇದೆ, ಇನ್ನೊಂದರಲ್ಲಿ ತುಸು ಜಾಸ್ತಿ. ಎರಡೂ ಸಮನಾಗಿ ಸವೆಯುವುದಿಲ್ಲ, ಚಕ್ರದ ತಿರುಗು ಯಾವುದನ್ನು ಡ್ರಮ್ಮಿನೊಳಕ್ಕೆ ಎಳೆದುಕೊಳ್ಳುತ್ತದೋ ಅದು ಬೇಗ ಹೋಗುತ್ತದೆ. ಇಂಥ ಸ್ಕೂಟರುಗಳಲ್ಲಿ ಹೆಚ್ಚಾಗಿ 2 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ನಿಮ್ಮ ಗಾಡಿಯ ಲೆಕ್ಕವನ್ನು ಪುಸ್ತಕದಲ್ಲಿ ನೋಡಿಕೊಳ್ಳಿ. ಇದನ್ನು ಇನ್ನೂ ಓಡಿಸಿದ್ದರೆ ಶೂವಿನ ಲೋಹ ಡ್ರಮ್ಮಿಗೆ ತಾಗಿ ಗೀರು ಬೀಳುತ್ತಿತ್ತು. ಡ್ರಮ್ ಹಬ್ಬಿನಲ್ಲೇ ಎರಕವಾಗಿ ಬಂದಿರುತ್ತದೆ, ಹಾಳಾದರೆ ಶೂವಿನ ದುಡ್ಡಿನಲ್ಲಿ ಮುಗಿಯುವ ಕೆಲಸವಲ್ಲ.

ಬಾಣಕ್ಕೂ ಮೋಸ ಮಾಡುವವರಿದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ಬ್ರೇಕ್ ಆರ್ಮನ್ನು ಬಿಚ್ಚಿ, ಅದು ಕೂರುವ ಹಲ್ಲಿನಲ್ಲಿ ಒಂದು ಹಲ್ಲು ಹಿಂದೆ ಸರಿಸಿ ಕೂರಿಸಿದರೆ ನಟ್ಟಿಗೆ ಮತ್ತೆ ಜಾಗ ಸಿಗುತ್ತದೆ. ಶೂವಿಗೂ ಕ್ಯಾಮಿಗೂ ನಡುವೆ ತಗಡಿನ ಪ್ಯಾಕಿಂಗ್ ಇಡುವುದೂ ಉಂಟು. ಗಿರಾಕಿ ಕಡಿಮೆ ದುಡ್ಡಿನಲ್ಲಿ ಮುಗಿಸಿ ಅಂದಾಗ ಇಂಥವು ಹುಟ್ಟುತ್ತವೆ, ಮೆಕ್ಯಾನಿಕ್ ಒಬ್ಬನನ್ನೇ ಬೈದರೆ ಆಗುವುದಿಲ್ಲ. ಆದರೆ ಹಾಗೆ ಮಾಡಿದ ಗಾಡಿಯಲ್ಲಿ ಲಿವರನ್ನೂ ನಂಬುವ ಹಾಗಿಲ್ಲ, ಬಾಣವನ್ನೂ ನಂಬುವ ಹಾಗಿಲ್ಲ. ಹಳೆ ಗಾಡಿ ಕೊಂಡು ಮಕ್ಕಳಿಗೆ ಕೊಡುವವರು ಒಮ್ಮೆ ಚಕ್ರ ಬಿಚ್ಚಿಸಿ ಕಣ್ಣಾರೆ ನೋಡುವುದೇ ಸರಿ.

ಇಲ್ಲೊಬ್ಬರು ಕೇಳಿದರು, "ಬ್ರೇಕ್ ಕಡಿಮೆಯಾಗಿದ್ದರೆ ಮಗಳೇ ಹೇಳುತ್ತಿರಲಿಲ್ಲವೇ?" ಹೇಳುವುದಿಲ್ಲ ಸಾರ್. ಸುಳ್ಳು ಹೇಳುತ್ತಾಳೆ ಅಂತಲ್ಲ, ಅವಳಿಗೇ ಗೊತ್ತಾಗಿರುವುದಿಲ್ಲ. ದಿನಾ ಓಡಿಸುವವರ ಕೈ, ದಿನಕ್ಕೊಂದು ಕೂದಲೆಳೆಯಷ್ಟು ಕುಗ್ಗುವ ಬ್ರೇಕಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ಇವತ್ತು ಸ್ವಲ್ಪ ಬೇಗ ಒತ್ತುತ್ತಾರೆ, ನಾಳೆ ಇನ್ನೂ ಸ್ವಲ್ಪ ಬೇಗ. ಗೊತ್ತಾಗುವುದು ನಾಯಿಯೋ ಮಗುವೋ ದಿಢೀರನೆ ಅಡ್ಡ ಬಂದಾಗ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಹೋಗುತ್ತದೆ. ಬ್ರೇಕ್ ಹಿಡಿಯುವುದು ಅರ್ಧ ಸೆಕೆಂಡ್ ತಡವಾದರೂ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಅದಕ್ಕೇ ನಾನು ಹೇಳುವುದು, ಹದಿನೈದು ದಿನಕ್ಕೊಮ್ಮೆ ಮಕ್ಕಳ ಗಾಡಿಯನ್ನು ಅಪ್ಪನೋ ಅಮ್ಮನೋ ಅಂಗಡಿಯವರೆಗೆ ಓಡಿಸಿಕೊಂಡು ಹೋಗಿ ಬರಲಿ. ಹೊಸ ಕೈಗೆ ಮೊದಲ ತಿರುವಿನಲ್ಲೇ ಗೊತ್ತಾಗಿಬಿಡುತ್ತದೆ.

2019ರ ಏಪ್ರಿಲ್‌ನಿಂದ ಈಚೆಗೆ ಬಂದ 125 ಸಿಸಿವರೆಗಿನ ಗಾಡಿಗಳಲ್ಲಿ ಎಬಿಎಸ್ ಇಲ್ಲದಿದ್ದರೆ ಕಾಂಬಿ ಬ್ರೇಕ್ ಇರಲೇಬೇಕು. ಅಂಥ ಸ್ಕೂಟರಿನಲ್ಲಿ ಎಡ ಲಿವರ್ ಒತ್ತಿದರೆ ಎರಡೂ ಚಕ್ರ ಹಿಡಿಯುತ್ತವೆ. ಅನುಕೂಲವೇ, ಆದರೆ ಹಿಂದಿನದು ಸವೆದದ್ದನ್ನು ಮುಂದಿನದು ಸ್ವಲ್ಪ ಮುಚ್ಚಿಹಾಕಬಹುದು. ಹಾಗಾಗಿ ಎರಡೂ ಬಾಣ ನೋಡಿ. ಒಂದನ್ನೇ ಬಿಗಿ ಮಾಡಿಸಿ ಬರಬೇಡಿ.

ಸದ್ದಿನ ಬಗ್ಗೆ ಬಹಳ ಜನ ಗಾಬರಿಯಾಗುತ್ತಾರೆ. ಮಳೆಗಾಲದ ಬೆಳಿಗ್ಗೆ, ಇಲ್ಲವೇ ಗಾಡಿ ತೊಳೆದ ಮೇಲೆ, ಮೊದಲ ಒಂದೆರಡು ಸಲ ಕೀಚಲು ಸದ್ದು ಬಂದು ನಿಂತರೆ ಚಿಂತೆಯಿಲ್ಲ. ಒಣ ರಸ್ತೆಯಲ್ಲೂ ಪ್ರತಿ ಸಲ ಕೀಚಿದರೆ ಒಳಗೆ ಧೂಳು ಸೇರಿದೆ, ಇಲ್ಲವೇ ಲೈನಿಂಗ್ ಕಾದು ಗಾಜಿನಂತೆ ನುಣುಪಾಗಿದೆ. ಕರಕರ ಅಂತ ಕಬ್ಬಿಣ ಉಜ್ಜಿದ ಸದ್ದು ಬಂದರೆ ಅದು ಆರಂಭದ ಲಕ್ಷಣವೇ ಅಲ್ಲ, ಕೊನೆಯದು. ಇನ್ನೊಂದು ಸಂದರ್ಭ ಇದೆ, ಬಾಣ ಸರಿಯಾಗಿದ್ದರೂ ಹಿಂದಿನ ಬ್ರೇಕ್ ಹಿಡಿಯುವುದೇ ಇಲ್ಲ. ಆಗ ಹಿಂದಿನ ಚಕ್ರದ ಆಯಿಲ್ ಸೀಲ್ ನೋಡಿಸಿ. ಗೇರ್ ಆಯಿಲ್ ಸೋರಿ ಡ್ರಮ್ಮಿಗೆ ಇಳಿದಿದ್ದರೆ ಎಷ್ಟು ಟೈಟ್ ಮಾಡಿದರೂ ಪ್ರಯೋಜನವಿಲ್ಲ. ಸೀಲೂ ಶೂವೂ ಎರಡೂ ಹೊಸದಾಗಬೇಕು.

ಡಿಸ್ಕ್ ಬ್ರೇಕ್ ಇರುವವರು ಲಿವರ್ ನೋಡಿ ಸಮಾಧಾನ ಪಡುವಂತೆಯೇ ಇಲ್ಲ. ಅಲ್ಲಿ ಪ್ಯಾಡ್ ಸವೆದ ಹಾಗೆಲ್ಲ ಪಿಸ್ಟನ್ ತಾನೇ ಮುಂದೆ ಬರುತ್ತದೆ, ಲಿವರಿನಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಅದರ ಬದಲು ಹ್ಯಾಂಡಲಿನ ಮೇಲಿನ ಸಣ್ಣ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮಟ್ಟ ಇಳಿಯುತ್ತದೆ. ಇಳಿದದ್ದು ಕಂಡ ಕೂಡಲೇ ತುಂಬಿಸಬೇಡಿ, ಮೊದಲು ಪ್ಯಾಡ್ ನೋಡಿಸಿ. ಪ್ಯಾಡಿನ ಮಧ್ಯದ ಗೀರು ಮಾಸುತ್ತಾ ಬಂದಿದ್ದರೆ ಬದಲಿಸಿ. ಪ್ಯಾಡ್ ಚೆನ್ನಾಗಿದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಗ್ಯಾರೇಜಿಗೆ ಹೋದಾಗ "ಬ್ರೇಕ್ ಟೈಟ್ ಮಾಡಿ" ಅನ್ನುವ ಬದಲು "ಚಕ್ರ ಬಿಚ್ಚಿ ಶೂ ತೋರಿಸಿ" ಅನ್ನಿ. ಬದಲಿಸಿದರೆ ಹಳೆಯ ಶೂ ಕೇಳಿ ಪಡೆಯಿರಿ. ಹೊಸ ಶೂ ಹಾಕಿದ ದಿನ ಬ್ರೇಕ್ ತುಸು ಮೆತ್ತಗಿರುತ್ತದೆ, ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ಹಾಗೆಯೇ. ಮಕ್ಕಳಿಗೆ ಅದನ್ನು ಹೇಳಿ ಕಳಿಸಿ, ಇಲ್ಲದಿದ್ದರೆ ರಿಪೇರಿಯಾಗಿದೆ ಅಂತ ಧೈರ್ಯವಾಗಿ ಓಡಿಸುತ್ತಾರೆ. ಆ ಕೆಲವು ದಿನ ಕಳೆದ ಮೇಲೆ ಲಿವರಿನ ಪ್ಲೇ ಇನ್ನೊಮ್ಮೆ ಅಳೆಯಿರಿ. ಆಗ ಬೇಕಾದರೆ ನಟ್ ಅರ್ಧ ಸುತ್ತು ತಿರುಗಿಸಿ, ಸ್ಟ್ಯಾಂಡ್ ಹಾಕಿ, ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಉಜ್ಜುತ್ತಿದ್ದರೆ ಬಿಗಿ ಜಾಸ್ತಿಯಾಗಿದೆ, ಒಂಚೂರು ಸಡಿಲಿಸಿ.